ಮಗ್ಗಿಯಲ್ಲಿ ಹಿಂದುಳಿದ ಮಕ್ಕಳಿಗೆ ಸಣ್ಣ ಗುಂಪಿನ ವಾರದ ಪಾಠ: ನಾಲ್ಕನೇ ತರಗತಿ, 8 ವಾರಗಳ ವೇಳಾಪಟ್ಟಿ

ಮಕ್ಕಳು: 12. ಗುಂಪು: 3. ಪಾಠ ಮಾಡುವವರು: ಗಣಿತದ ಶಿಕ್ಷಕರೊಬ್ಬರೇ. ವಾರಕ್ಕೆ ಹಿಡಿಯುವ ಸಮಯ: 240 ನಿಮಿಷ.

ಆಯ್ಕೆ ನಡೆದದ್ದು ಎರಡು ಹಂತದಲ್ಲಿ. ಮೊದಲು ತರಗತಿಯ 34 ಮಕ್ಕಳಿಗೂ 20 ಲೆಕ್ಕಗಳನ್ನು ಓದಿ ಹೇಳಿ, ಒಂದೊಂದಕ್ಕೆ 5 ಸೆಕೆಂಡು ಕೊಟ್ಟು ಉತ್ತರ ಬರೆಸಲಾಯಿತು. ಅದರಲ್ಲಿ ಕಡಿಮೆ ಬಂದ 15 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಮುಂಬದಿಯಲ್ಲಿ ಲೆಕ್ಕ, ಹಿಂಬದಿಯಲ್ಲಿ ಉತ್ತರ ಬರೆದ 30 ಮಿಂಚುಪಟ್ಟಿ ತೋರಿಸಿ ಕೇಳಲಾಯಿತು. ಪ್ರತಿ ಉತ್ತರಕ್ಕೂ ಒಂದು ಗುರುತು: 3 ಸೆಕೆಂಡಿನೊಳಗೆ ಹೇಳಿದರೆ 'ಥ' (ಥಟ್ಟನೆ), ಬೆರಳು ಮಡಿಸಿಯೋ ಮಗ್ಗಿಯನ್ನು ಮೊದಲಿನಿಂದ ಗುನುಗಿಯೋ ಹೇಳಿದರೆ 'ಎ' (ಎಣಿಸಿ), ತಪ್ಪಿದರೆ 'ತ'. ತಪ್ಪಾದಾಗ ಮಗು ಹೇಳಿದ ಉತ್ತರವನ್ನೂ ಪಕ್ಕದಲ್ಲೇ ಬರೆದುಕೊಳ್ಳಲಾಗಿದೆ. ಎಷ್ಟು ಸರಿ ಎನ್ನುವುದಕ್ಕಿಂತ ಇದು ನಮಗೆ ಹೆಚ್ಚು ಬೇಕಾದದ್ದು. 7 × 8ಕ್ಕೆ 15 ಅಂದ ಮಗು ಕೂಡಿದೆ, ಅದಕ್ಕೆ ಗುಣಾಕಾರವೇ ತಿಳಿದಿಲ್ಲ. 49 ಅಥವಾ 63 ಅಂದ ಮಗು ಏಳರ ಮಗ್ಗಿಯಲ್ಲೇ ಇದೆ, ಒಂದು ಮೆಟ್ಟಿಲು ತಪ್ಪಿದೆ, ಅಷ್ಟೆ. ಇಬ್ಬರಿಗೂ ಬಿದ್ದದ್ದು ಸೊನ್ನೆಯೇ. ಆದರೆ ಅವರನ್ನು ಒಂದೇ ಗುಂಪಿನಲ್ಲಿ ಕೂರಿಸಿದರೆ ಒಬ್ಬರ ಸಮಯವಂತೂ ಹಾಳು. ಹಾಗಾಗಿ ಗುಂಪು ಮಾಡಿರುವುದು ಅಂಕ ನೋಡಿ ಅಲ್ಲ, ತಪ್ಪಿನ ಬಗೆ ನೋಡಿ.

ಒಂದನೇ ಗುಂಪು (4 ಮಕ್ಕಳು): ಗುಣಾಕಾರ ಎಂದರೆ ಏನು ಎಂಬುದೇ ಇನ್ನೂ ಗಟ್ಟಿಯಾಗಿಲ್ಲ. 3 × 4ಕ್ಕೆ ಚಿತ್ರ ಬರೆ ಎಂದರೆ ಒಂದು ಕಡೆ 3 ಚುಕ್ಕಿ, ಇನ್ನೊಂದು ಕಡೆ 4 ಚುಕ್ಕಿ ಇಡುತ್ತಾರೆ.
ಎರಡನೇ ಗುಂಪು (5 ಮಕ್ಕಳು): ಅರ್ಥ ಗೊತ್ತು, ಸಾಲಾಗಿ ಮಗ್ಗಿಯೂ ಬರುತ್ತದೆ. ನಡುವಿನಿಂದ ಕೇಳಿದರೆ ಸಿಗುವುದಿಲ್ಲ.
ಮೂರನೇ ಗುಂಪು (3 ಮಕ್ಕಳು): 2, 4, 5, 9, 10 ಚೆನ್ನಾಗಿವೆ. 3, 6, 7, 8 ಒಂದಕ್ಕೊಂದು ಸೇರುವ ಕಡೆ ಸಿಕ್ಕಿಕೊಳ್ಳುತ್ತಾರೆ.

ವಾರದ ವೇಳೆ

| ದಿನ | ಬೆಳಗ್ಗೆ 9:00–9:25 | ಮಧ್ಯಾಹ್ನ 3:10ರಿಂದ |
|---|---|---|
| ಸೋಮವಾರ | ಒಂದನೇ ಗುಂಪು | ಎರಡನೇ ಗುಂಪು, 25 ನಿಮಿಷ |
| ಮಂಗಳವಾರ | ಒಂದನೇ ಗುಂಪು | ಮೂರನೇ ಗುಂಪು, 20 ನಿಮಿಷ |
| ಬುಧವಾರ | ಗೈರಾದವರಿಗೆ | ಎರಡನೇ ಗುಂಪು, 25 ನಿಮಿಷ |
| ಗುರುವಾರ | ಒಂದನೇ ಗುಂಪು | ಮೂರನೇ ಗುಂಪು, 20 ನಿಮಿಷ |
| ಶುಕ್ರವಾರ | ಒಂದನೇ ಗುಂಪು | ಎರಡನೇ ಗುಂಪು, 25 ನಿಮಿಷ |

ಆಟದ ಅವಧಿಯನ್ನು ಬೇಕೆಂದೇ ಮುಟ್ಟಿಲ್ಲ. ಆಟ ಬಿಡಿಸಿ ಕರೆತಂದ ಮಗುವಿಗೆ ಮಗ್ಗಿ ಶಿಕ್ಷೆಯಾಗಿಯೇ ಕಾಣುತ್ತದೆ. ಬುಧವಾರ ಬೆಳಗಿನ 25 ನಿಮಿಷವನ್ನು ಬೇರೆ ಯಾವ ಕೆಲಸಕ್ಕೂ ಕೊಡಬಾರದು. ಎರಡು ದಿನ ಬಾರದ ಮಗು ಮೂರನೇ ದಿನ ಗುಂಪಿಗೆ ಬಂದರೆ ಉಳಿದವರೆಲ್ಲ ಕಾಯುತ್ತಾರೆ, ಆ ಮಗುವೂ ಕುಗ್ಗುತ್ತದೆ. ಈ ಅವಧಿ ಇರುವುದು ಅದಕ್ಕೇ. ಯಾರೂ ಗೈರಾಗದ ವಾರದಲ್ಲಿ ಹಿಂದಿನ ಶುಕ್ರವಾರ ಎಡವಿದ ಒಬ್ಬಿಬ್ಬರನ್ನು ಕರೆಯಬೇಕು.

ಒಂದನೇ ಗುಂಪು

ಮೊದಲ ಎರಡು ವಾರ ಬಾಯಿಪಾಠವಿಲ್ಲ. ಬೇಕಾದ ಸಾಮಾನು: 50 ಗುಂಡಿಗಳು, 6 ಸಣ್ಣ ತಟ್ಟೆ, ಚೌಕಳಿ ಹಾಳೆ, ಸ್ಲೇಟು. ಸೋಮವಾರ ತಟ್ಟೆಗಳಲ್ಲಿ ಸಮ ಗುಂಪು ಮಾಡಿಸುವುದು. ಮಂಗಳವಾರ ಅದೇ ಗುಂಡಿಗಳನ್ನು ಸಾಲು, ಕಂಬವಾಗಿ ಜೋಡಿಸುವುದು. ಗುರುವಾರ ಚೌಕಳಿ ಹಾಳೆಯಲ್ಲಿ ಬಣ್ಣ ತುಂಬಿ, ಪಕ್ಕದಲ್ಲಿ 4 + 4 + 4 ಎಂದೂ, ಅದರ ಕೆಳಗೆ ಗುಣಾಕಾರವಾಗಿಯೂ ಬರೆಯುವುದು. ಶುಕ್ರವಾರ ಬರೆದದ್ದನ್ನು ತೋರಿಸಿ ಗುಂಡಿಯಲ್ಲಿ ಇಡಿಸುವುದು, ಅಂದರೆ ಉಲ್ಟಾ ದಾರಿ.

ಇಲ್ಲಿ ಒಂದು ತೊಡಕು ಬಂದೇ ಬರುತ್ತದೆ. '3 × 4' ಎಂದರೆ ನಾಲ್ಕರ ಮೂರು ಗುಂಪೋ, ಮೂರರ ನಾಲ್ಕು ಗುಂಪೋ? 'ಮೂರ್ನಾಲ್ಕ್ಲಿ ಹನ್ನೆರಡು' ಎಂದು ಹೇಳುವಾಗ ಮೂರನ್ನು ನಾಲ್ಕು ಸಲ ತೆಗೆದುಕೊಂಡ ಹಾಗೆ. ಪಠ್ಯಪುಸ್ತಕದ ಚಿತ್ರ ಬೇರೆ ರೀತಿ ಇದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ. ತರಗತಿಯ ಪುಸ್ತಕ ಯಾವ ಕ್ರಮ ಹಿಡಿದಿದೆಯೋ ಅದನ್ನೇ ಈ ಗುಂಪಿನಲ್ಲೂ ಹಿಡಿಯಬೇಕು. ಮಂಗಳವಾರ ಜೋಡಣೆಯನ್ನು ಹಾಳೆಯ ಸಮೇತ ಕಾಲು ಸುತ್ತು ತಿರುಗಿಸಿ ತೋರಿಸಿದರೆ 3 ಸಾಲಿನಲ್ಲಿ 4 ಇದ್ದದ್ದು 4 ಸಾಲಿನಲ್ಲಿ 3 ಆಗುತ್ತದೆ, ಒಂದು ಗುಂಡಿಯೂ ಹೆಚ್ಚು ಕಡಿಮೆಯಾಗುವುದಿಲ್ಲ. ಇದನ್ನು ಮಗು ತನ್ನ ಕೈಯಾರೆ ತಿರುಗಿಸಬೇಕು. 10ರವರೆಗಿನ 100 ಲೆಕ್ಕಗಳು 55ಕ್ಕೆ ಇಳಿಯುವುದು ಈ ಒಂದು ತಿರುವಿನಿಂದ.

ಮೂರನೇ ವಾರದಿಂದ 2 ಮತ್ತು 10ರ ಮಗ್ಗಿ, ಐದನೇ ವಾರದಿಂದ 5. ಗುಂಡಿ ಮಾತ್ರ ಮೇಜಿನ ಮೇಲೇ ಇರಲಿ. 0 ಮತ್ತು 1ನ್ನು ಒಂದೇ ದಿನ ಹೇಳಿಕೊಡಬಾರದು, 4 × 0 = 4 ಎಂಬ ತಪ್ಪು ಹುಟ್ಟುವುದು ಅಲ್ಲೇ. ಖಾಲಿ ತಟ್ಟೆ ನಾಲ್ಕು ಇಟ್ಟು 'ಒಟ್ಟು ಎಷ್ಟು ಗುಂಡಿ?' ಎಂದು ಕೇಳಿದರೆ ಸಾಕು.

ಎರಡನೇ ಗುಂಪು

ಕ್ರಮ: 1–2ನೇ ವಾರ 10, 5, 2 (ನಡುನಡುವಿನಿಂದ), 3–4ನೇ ವಾರ 4, 5–6ನೇ ವಾರ 3, 7–8ನೇ ವಾರ 9. ನಾಲ್ಕು ಎರಡರ ಇಮ್ಮಡಿಯಾದ್ದರಿಂದ ಮೂರಕ್ಕಿಂತ ಮೊದಲು ಬಂದಿದೆ. 9ಕ್ಕೆ ಹತ್ತರ ಮಗ್ಗಿಯಿಂದ ಒಂದು ಸಲ ಕಳೆಯುವುದು: 9 × 6 ಎಂದರೆ 60ರಲ್ಲಿ 6 ಕಡಿಮೆ, 54.

25 ನಿಮಿಷ ಹೀಗೆ ಹೋಗಬೇಕು.

ಮೊದಲ 4 ನಿಮಿಷ ಹಳೆಯದು. ಪ್ರತಿ ಮಗುವಿಗೂ ಸ್ಲೇಟು. ಶಿಕ್ಷಕರು ಲೆಕ್ಕ ಹೇಳುತ್ತಾರೆ, ಎಲ್ಲರೂ ಬರೆದು ಒಟ್ಟಿಗೆ ಎತ್ತಿ ಹಿಡಿಯುತ್ತಾರೆ. ಬಾಯಲ್ಲಿ ಒಟ್ಟಾಗಿ ಹೇಳಿಸಿದರೆ ಇಬ್ಬರ ದನಿಯ ಹಿಂದೆ ಮೂವರು ಅಡಗುತ್ತಾರೆ. ಸ್ಲೇಟಿನಲ್ಲಿ ಅಡಗಲು ಜಾಗವಿಲ್ಲ.

ಮುಂದಿನ 7 ನಿಮಿಷ ಹೊಸದು, ಎರಡೇ ಎರಡು ಲೆಕ್ಕ. 4 × 7 ಆದರೆ, 'ಎರಡೇಳ್ಲಿ ಎಷ್ಟು? ಹದಿನಾಲ್ಕು. ಅದರ ಇಮ್ಮಡಿ?' ಎಂದು ಕೇಳಿ, ಚುಕ್ಕಿ ಹಾಳೆಯನ್ನು ನಡುವೆ ಮಡಿಸಿ ತೋರಿಸಿ, 28 ಎಂದು ಮಗುವಿನಿಂದಲೇ ಹೇಳಿಸುವುದು.

ಆಮೇಲೆ 9 ನಿಮಿಷ ಜೋಡಿಯಲ್ಲಿ ಮಿಂಚುಪಟ್ಟಿ. ಐವರಲ್ಲಿ ಒಬ್ಬರು ಶಿಕ್ಷಕರ ಜೊತೆ, ಆ ಸರದಿ ದಿನವೂ ಬದಲಾಗುತ್ತದೆ. ಒಂದು ಕಟ್ಟಿನಲ್ಲಿ 10 ಪಟ್ಟಿ: 8 ಗೊತ್ತಿರುವುದು, 2 ಹೊಸದು. ಹತ್ತೂ ಹೊಸದಾದರೆ ಮಗು ನಾಲ್ಕನೆಯದಕ್ಕೇ ಕೈಬಿಡುತ್ತದೆ. ತಪ್ಪಿದಾಗ 'ಯೋಚನೆ ಮಾಡು' ಎಂದು ಕಾಯಿಸಬಾರದು. ಊಹೆ ಮಾಡಿ ಇನ್ನೊಂದು ತಪ್ಪು ಹೇಳುತ್ತದೆ, ಆ ತಪ್ಪೇ ಬಾಯಿಗೆ ಬರಲು ಶುರುವಾಗುತ್ತದೆ. ತಕ್ಷಣ ಪೂರ್ತಿ ಸಾಲು ಹೇಳಬೇಕು, 'ನಾಲ್ಕೇಳ್ಲಿ ಇಪ್ಪತ್ತೆಂಟು'. ಮಗು ಒಮ್ಮೆ ಹೇಳಬೇಕು, ಪಟ್ಟಿಯನ್ನು ಮೂರು ಪಟ್ಟಿಗಳ ಹಿಂದೆ ಸೇರಿಸಬೇಕು. ಸತತ ಮೂರು ಪಾಠ ಥಟ್ಟನೆ ಬಂದ ಲೆಕ್ಕ 'ಗೊತ್ತಿರುವುದು' ಎಂದಾಗುತ್ತದೆ. ಆಗ ಕಟ್ಟಿನ ಅತಿ ಹಳೆಯ ಪಟ್ಟಿ ಡಬ್ಬಿಗೆ ಹೋಗಿ, ಒಂದು ವಾರ ಕಳೆದು ಮತ್ತೆ ಬರುತ್ತದೆ. ಈ ಮರುಕಳಿಕೆ ತಪ್ಪಿದರೆ ಮೂರನೇ ವಾರದಲ್ಲಿ ಕಲಿತದ್ದು ಆರನೇ ವಾರಕ್ಕೆ ಇರುವುದಿಲ್ಲ.

ಉಳಿದ 5 ನಿಮಿಷ ಎರಡು ಮಾತಿನ ಲೆಕ್ಕ, ಗುರುತು ಹಾಕುವುದು. ಸೆಕೆಂಡು ನೋಡುವುದು ಶಿಕ್ಷಕರ ಮನಸ್ಸಿನಲ್ಲೇ ಇರಲಿ. ಟೈಮರ್ ಇಟ್ಟು ಮಕ್ಕಳನ್ನು ಪೈಪೋಟಿಗೆ ಬಿಟ್ಟರೆ ಗೊತ್ತಿರುವುದೂ ಮರೆಯುವ ಮಕ್ಕಳು ಈ ಗುಂಪಿನಲ್ಲೇ ಇರುತ್ತಾರೆ. ಬೆರಳು ಮಡಿಸಿದರೆ ಗದರಬಾರದು, ಗದರಿದರೆ ಬೆರಳು ಮೇಜಿನ ಕೆಳಗೆ ಹೋಗುತ್ತದೆ, ನಮಗೆ ಕಾಣುವುದಿಲ್ಲ.

ಮೂರನೇ ಗುಂಪು

3, 6, 7, 8 ತಮ್ಮತಮ್ಮಲ್ಲಿ ಸೇರುವ ಲೆಕ್ಕ ಹತ್ತೇ ಹತ್ತು. ಈ ಮೂವರಿಗೂ 3 × 3 ಬರುತ್ತದೆ, ಉಳಿದದ್ದು 9. ಇಷ್ಟೇ ಎಂದು ಮೊದಲ ದಿನವೇ 9 ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ತೋರಿಸಬೇಕು. 'ಇಡೀ ಮಗ್ಗಿ ಬರುವುದಿಲ್ಲ' ಎಂದುಕೊಂಡ ಮಗುವಿಗೆ ಆ ನೋಟವೇ ದೊಡ್ಡ ಧೈರ್ಯ.

1ನೇ ವಾರ: 3 × 8 = 24, 7 × 7 = 49
2ನೇ ವಾರ: 3 × 6 = 18, 8 × 8 = 64
3ನೇ ವಾರ: 6 × 6 = 36 (18ರ ಇಮ್ಮಡಿ), 3 × 7 = 21
4ನೇ ವಾರ: 6 × 7 = 42 (21ರ ಇಮ್ಮಡಿ)
5ನೇ ವಾರ: 6 × 8 = 48 (24ರ ಇಮ್ಮಡಿ)
6ನೇ ವಾರ: 7 × 8 = 56 (49ಕ್ಕೆ ಇನ್ನೊಂದು 7)
7–8ನೇ ವಾರ: ಹೊಸದಿಲ್ಲ, ಎಲ್ಲ ಕಲಸಿ ಕೇಳುವುದು

42, 48, 56 ಒಂದೇ ವಾರದಲ್ಲಿ ಬಾರದಂತೆ ಬಿಡಿಸಿಟ್ಟಿದೆ, ಒಟ್ಟಿಗೆ ಕಲಿತರೆ ಒಂದರ ಉತ್ತರ ಇನ್ನೊಂದಕ್ಕೆ ಅಂಟುತ್ತದೆ. 7 × 8ರ ವಾರ 6 × 9ನ್ನು ಕಟ್ಟಿನಿಂದ ತೆಗೆದಿಡಿ, 54 ಮತ್ತು 56 ಅದಲುಬದಲಾಗುವುದು ಬಹಳ. 56ನ್ನು ಮರೆತಾಗ ಮಗುವಿಗೆ ಹಿಂದಿರುಗಲು ಒಂದು ದಾರಿ ಬೇಕು: 7 ಸಾಲು, 8 ಕಂಬದ ಚುಕ್ಕಿ ಹಾಳೆಯಲ್ಲಿ ಐದನೇ ಸಾಲಿನ ಕೆಳಗೆ ಗೆರೆ ಎಳೆದರೆ ಮೇಲೆ 40, ಕೆಳಗೆ 16.

ಶುಕ್ರವಾರದ ಪರೀಕ್ಷೆ

ಒಂದು ಮಗುವಿಗೆ 10 ಲೆಕ್ಕ: 4 ಈ ವಾರದ್ದು, 6 ಹಳೆಯದು. ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಮೂರನೇ ಗುಂಪಿಗೆ ಗುರುವಾರವೇ. ಅವರಿಗೆ ಆ ವಾರದ ಲೆಕ್ಕವನ್ನು ತಿರುವಿಯೂ (8 × 3), ಸಾಲದಿದ್ದರೆ ಇನ್ನೊಮ್ಮೆಯೂ ಕೇಳಿ ನಾಲ್ಕು ಮಾಡಿಕೊಳ್ಳುವುದು. ಒಂದನೇ ಗುಂಪಿಗೆ ಮೊದಲ ಎರಡು ವಾರ ಇದರ ಬದಲು ಗುಂಡಿ ಜೋಡಿಸುವ 3 ಕೆಲಸ. 8 ಅಥವಾ ಹೆಚ್ಚು 'ಥ' ಬಂದರೆ ಮುಂದಿನ ವಾರ ಹೊಸದು. 6 ಅಥವಾ 7 ಬಂದರೆ ಒಂದೇ ಹೊಸದು. ಅದಕ್ಕೂ ಕಡಿಮೆಯಾದರೆ ಹೊಸದೇನೂ ಬೇಡ, ವೇಳಾಪಟ್ಟಿ ಒಂದು ವಾರ ಮುಂದಕ್ಕೆ ಹೋಗಲಿ. 4ನೇ ವಾರದ ಕೊನೆಗೆ ಗುಂಪುಗಳನ್ನು ಮತ್ತೆ ನೋಡಬೇಕು. ಒಂದನೇ ಗುಂಪಿನ ಮಗು ಚಿತ್ರ ನೋಡದೆ 2 ಮತ್ತು 10ನ್ನು ಥಟ್ಟನೆ ಹೇಳಿದರೆ ಎರಡಕ್ಕೆ ಹೋಗಲಿ. ಯಾವ ಗುಂಪೂ 5 ದಾಟಬಾರದು. ಆರನೆಯವರು ಬಂದರೆ ಒಬ್ಬರು ಬಾಯಿ ತೆರೆಯುವ ಸರದಿಯೇ ಕಡಿಮೆಯಾಗುತ್ತದೆ.

ಮನೆಗೆ ಕಳುಹಿಸುವ ಚೀಟಿ

ಪೋಷಕರಿಗೆ ನಮಸ್ಕಾರ. ನಿಮ್ಮ ಮಗುವಿನ ಜೊತೆ ಒಂದು ಲಕೋಟೆಯಲ್ಲಿ ಮಗ್ಗಿಯ ಲೆಕ್ಕ ಬರೆದ 6 ಪಟ್ಟಿ ಕಳುಹಿಸಿದ್ದೇವೆ. ರಾತ್ರಿ ಊಟಕ್ಕೆ ಮುಂಚೆ 5 ನಿಮಿಷ, ಪಟ್ಟಿಗಳನ್ನು ಕಲಸಿ ಒಂದೊಂದಾಗಿ ತೋರಿಸಿ. ಉತ್ತರ ಹಿಂಬದಿಯಲ್ಲಿದೆ. ಬಾರದಿದ್ದರೆ ನೀವೇ ಹೇಳಿಕೊಟ್ಟು ಮುಂದೆ ಹೋಗಿ. ಬೈಯಬೇಡಿ, ಬೇರೆ ಮಕ್ಕಳ ಜೊತೆ ಹೋಲಿಸಬೇಡಿ. ಮಗ್ಗಿಯನ್ನು ಇಪ್ಪತ್ತು ಸಲ ಬರೆಸುವುದು ದಯವಿಟ್ಟು ಬೇಡ. ಬರೆಯುವಾಗ ಮಕ್ಕಳು ಮೊದಲು ಮೇಲಿಂದ ಕೆಳಗೆ 7, 7, 7 ಎಂದು, ಆಮೇಲೆ 1, 2, 3 ಎಂದು, ಕೊನೆಗೆ ಏಳೇಳು ಕೂಡುತ್ತಾ ಉತ್ತರ ತುಂಬುತ್ತಾರೆ. ನೆನಪಿಸಿಕೊಳ್ಳುವ ಕೆಲಸ ಒಮ್ಮೆಯೂ ಆಗುವುದಿಲ್ಲ. ಸೋಮವಾರ ಲಕೋಟೆಯನ್ನು ಮರಳಿ ಕಳುಹಿಸಿ, ಹೊಸ ಪಟ್ಟಿ ಹಾಕಿ ಕೊಡುತ್ತೇವೆ.