ಫ್ಲಾಟ್ 304ರ ಗೋಡೆಗಳನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ

ದಿನಾಂಕ: 10 ಫೆಬ್ರವರಿ 2026

ಇವರಿಗೆ,
ಕಿರಣ್ ಮತ್ತು ಮೇಘನಾ
ಫ್ಲಾಟ್ 304, ಮೂರನೇ ಮಹಡಿ

ವಿಷಯ: ಒಪ್ಪಿಗೆ ಕೇಳದೆ ಗೋಡೆ ಕೊರೆದದ್ದು ಮತ್ತು ಬಣ್ಣ ಬದಲಿಸಿದ್ದು; ಮಾರ್ಚ್ 31ಕ್ಕೆ ಕರಾರು ಮುಗಿಯುವ ಮೊದಲು ಸರಿಪಡಿಸುವುದು

ಕಿರಣ್ ಅವರೇ, ಮೇಘನಾ ಅವರೇ, ನಮಸ್ಕಾರ.

ಮೊನ್ನೆ ಭಾನುವಾರ, 8ನೇ ತಾರೀಖು, ನಿಮಗೆ ಮೊದಲೇ ತಿಳಿಸಿ ಮನೆ ನೋಡಲು ಬಂದಿದ್ದೆ. ಕೂರಿಸಿ ಮಾತಾಡಿಸಿದಿರಿ, ಎಲ್ಲ ಕೋಣೆಗಳನ್ನೂ ತೆರೆದು ತೋರಿಸಿದಿರಿ. ಅದಕ್ಕೆ ಥ್ಯಾಂಕ್ಸ್. ಅವತ್ತು ಗೋಡೆಗಳನ್ನು ನೋಡಿ ನನಗೆ ಏನು ಹೇಳಬೇಕೋ ತೋಚಲಿಲ್ಲ. ಬೇಸರದಲ್ಲಿ ಒಂದು ಮಾತು ಹೆಚ್ಚುಕಮ್ಮಿ ಆಗುವುದು ಬೇಡ ಅಂತ ಸುಮ್ಮನೆ ವಾಪಸ್ ಬಂದೆ. ಎರಡು ದಿನ ಯೋಚಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕರಾರಿನ 9ನೇ ಅಂಶ ನಿಮಗೆ ನೆನಪಿರಬಹುದು. ಮಾಲೀಕರು ಬರವಣಿಗೆಯಲ್ಲಿ ಒಪ್ಪದೆ ಗೋಡೆ ಕೊರೆಯಬಾರದು, ಬಣ್ಣ ಬದಲಿಸಬಾರದು, ಬದಲಿಸಿದರೆ ಖಾಲಿ ಮಾಡುವ ಮೊದಲು ಮೊದಲಿನಂತೆ ಮಾಡಿಕೊಡಬೇಕು ಅಂತ ಅದರಲ್ಲಿದೆ. ಸಹಿ ಹಾಕುವ ದಿನ ಆ ಅಂಶವನ್ನು ನಾವು ಮೂವರೂ ಒಟ್ಟಿಗೆ ಕೂತು ಓದಿದ್ದೆವು. ಟಿವಿ ಗೋಡೆಗೆ ಹಾಕಬಹುದಾ ಅಂತ ಆಮೇಲೆ ನೀವು ಮೆಸೇಜ್ ಮಾಡಿ ಕೇಳಿದ್ದಿರಿ, ನಾನು ಆಗಲಿ ಅಂದಿದ್ದೆ. ಹಾಗಾಗಿ ಟಿವಿ ಹಿಂದಿನ ನಾಲ್ಕು ತೂತುಗಳ ಮಾತು ಇಲ್ಲಿ ಇಲ್ಲ. ಅವನ್ನು ಮುಚ್ಚುವುದೂ ಬೇಡ.

ಉಳಿದದ್ದನ್ನು ಎಣಿಸಿದೆ. ಹಾಲ್‌ನಲ್ಲಿ ಒಂಬತ್ತು, ಅಡುಗೆಮನೆಯಲ್ಲಿ ನಾಲ್ಕು, ರೂಮಿಗೆ ಅಂಟಿಕೊಂಡ ಬಾತ್‌ರೂಮಿನಲ್ಲಿ ನಾಲ್ಕು, ರೂಮಿನ ಬಾಗಿಲ ಪಕ್ಕ ಎರಡು. ಒಟ್ಟು 19. ಜೊತೆಗೆ ಹಾಲ್‌ನ ಕಿಟಕಿ ಪಕ್ಕದ ಗೋಡೆಗೆ ಕಡು ನೀಲಿ ಬಣ್ಣ ಬಂದಿದೆ, ಚಿಕ್ಕ ಕೋಣೆಯ ಎರಡು ಗೋಡೆಗಳಿಗೆ ಕಿತ್ತಳೆ ಬಣ್ಣದ ಆಯಿಲ್ ಪೇಂಟ್ ಬಂದಿದೆ. ನೀವು ಒಳಗೆ ಬಂದ ದಿನ ತೆಗೆದ ಫೋಟೋಗಳು ಇಬ್ಬರ ಹತ್ತಿರವೂ ಇವೆ. ಅವುಗಳಲ್ಲಿ ಈ ಗೋಡೆಗಳೆಲ್ಲ ತಿಳಿ ಬಿಳಿ, ಒಂದು ತೂತೂ ಇಲ್ಲ.

ಬಣ್ಣ ನೋಡಿ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಣ್ಣ ಮತ್ತೆ ಹಚ್ಚಬಹುದು. ನನ್ನ ನಿದ್ದೆ ಕೆಡಿಸಿರುವುದು ಬೇರೆ ಆರು ತೂತುಗಳು. ಅಡುಗೆಮನೆಯ ಎರಡು, ಬಾತ್‌ರೂಮಿನ ನಾಲ್ಕು. ಈ ಪತ್ರದಲ್ಲಿ ಒಂದೇ ಒಂದು ಮಾತು ನೀವು ನೆನಪಿಡುವುದಾದರೆ ಅದು ಇದು: ಗೋಡೆಯ ಒಳಗೆ ಏನಾಗಿದೆ ಅಂತ ಗೊತ್ತಾಗುವ ತನಕ ಆ ಆರನ್ನು ಪುಟ್ಟಿ ಹಾಕಿ ಮುಚ್ಚಬೇಡಿ.

ಅಡುಗೆಮನೆಯ ಕಬ್ಬಿಣದ ಶೆಲ್ಫಿಗೆ ಹೊಡೆದ ಎರಡು ಸ್ಕ್ರೂಗಳು ಸ್ವಿಚ್ ಬೋರ್ಡಿನ ನೇರ ಮೇಲೆ, ಒಂದು ಗೇಣು ದೂರದಲ್ಲಿವೆ. ವೈರಿನ ಪೈಪು ಬೋರ್ಡಿನಿಂದ ಗೋಡೆಯ ಒಳಗೇ ನೇರ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಬೋರ್ಡಿನ ಮೇಲೆ, ಕೆಳಗೆ, ಪಕ್ಕದ ಸಾಲಿನಲ್ಲಿ ಯಾರೂ ಕೊರೆಯುವುದಿಲ್ಲ. ಲೈಟು ಉರಿಯುತ್ತಿದೆ, ಮಿಕ್ಸಿ ತಿರುಗುತ್ತಿದೆ, ಅಂದ ಮೇಲೆ ಏನೂ ಆಗಿಲ್ಲ ಅಂತ ನೀವು ಹೇಳಬಹುದು. ಹಾಗೆ ಅಂದುಕೊಳ್ಳಲು ಆಗುವುದಿಲ್ಲ. ಸ್ಕ್ರೂ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಸ್ವಲ್ಪ ತರಚಿದ್ದರೂ ತಿಂಗಳುಗಟ್ಟಲೆ ಏನೂ ತೋರುವುದಿಲ್ಲ. ಒಂದು ದಿನ ಆ ಸ್ಕ್ರೂ ಮೂಲಕ ಕರೆಂಟ್ ಶೆಲ್ಫಿಗೇ ಬರಬಹುದು. ಒದ್ದೆ ಕೈಯಲ್ಲಿ ಪಾತ್ರೆ ತೆಗೆಯುವ ಜಾಗ ಅದು. ದಯವಿಟ್ಟು ಆ ಸ್ಕ್ರೂಗಳನ್ನು ನೀವೇ ಬಿಚ್ಚಲು ಹೋಗಬೇಡಿ. ಅಡುಗೆಮನೆಯ ಎಂಸಿಬಿ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಬಿಚ್ಚಿಸಿ. ವೈರಿನ ಮೇಲಿನ ಪ್ಲಾಸ್ಟಿಕ್ ಹಾಳಾಗಿದೆಯಾ ಅಂತ ಆ ಲೈನಿಗೆ ಮೆಗ್ಗರ್ ಮೀಟರ್ ಹಾಕಿ ನೋಡಲು ಹೇಳಿ. ಲೈನು ಸರಿಯಿದ್ದರೆ ಅವರಿಂದ ಎರಡು ಸಾಲು ಬರೆಸಿಕೊಳ್ಳಿ. ಅಲ್ಲಿಯ ತನಕ ಆ ಶೆಲ್ಫಿನ ಸಾಮಾನು ತೆಗೆದಿಡಿ, ಅದನ್ನು ಮುಟ್ಟಬೇಡಿ.

ಬಾತ್‌ರೂಮಿನದು ಇನ್ನೊಂದು ಕಥೆ. ಶವರ್ ಕೆಳಗೆ ಸೋಪು ಇಡುವ ಸ್ಟ್ಯಾಂಡಿಗೆ ನಾಲ್ಕು ತೂತು ಕೊರೆದಿದ್ದೀರಿ. ಒಂದು ಟೈಲ್ ಮೂಲೆಯಿಂದ ಬಿರುಕು ಬಿಟ್ಟಿದೆ. ಅದೇ ಗೋಡೆಯ ಆಚೆ ಬದಿಗೆ, ನಿಮ್ಮ ರೂಮಿನ ಬೀರು ಹಿಂದೆ, ನೆಲದಿಂದ ಮೊಣಕಾಲೆತ್ತರದ ತನಕ ಪುಟ್ಟಿ ಉಬ್ಬಿದೆ. ಕೈ ಇಟ್ಟರೆ ತಣ್ಣಗೆ ತೇವ ತಾಗುತ್ತದೆ. ನೀವು ಬರುವಾಗ ಅದು ಒಣಗಿದ ಗೋಡೆ. ಡ್ರಿಲ್ ನೀರಿನ ಪೈಪಿಗೇ ತಾಗಿತಾ, ಇಲ್ಲ ಸ್ನಾನದ ನೀರು ಆ ತೂತುಗಳಿಂದ ಟೈಲ್ ಹಿಂದೆ ಇಳಿಯುತ್ತಿದೆಯಾ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಪ್ಲಂಬರ್ ಲೈನಿಗೆ ಪ್ರೆಶರ್ ಗೇಜ್ ಕಟ್ಟಿ ನೋಡಿದರೆ ಗೊತ್ತಾಗುತ್ತದೆ. ಮುಳ್ಳು ಇಳಿದರೆ ಪೈಪಿನಲ್ಲಿ ತೊಂದರೆ ಅನ್ನಬಹುದು. ಇಳಿಯದೆ ನಿಂತರೆ ಆ ತೂತುಗಳ ಮೇಲೇ ಅನುಮಾನ. ಎರಡಕ್ಕೂ ರಿಪೇರಿ ಬೇರೆ ಬೇರೆ, ಅದಕ್ಕೇ ಮೊದಲು ನೋಡಿಸಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಷ್ಟರ ತನಕ ಸ್ನಾನಕ್ಕೆ ಹೊರಗಿನ ಬಾತ್‌ರೂಮ್ ಬಳಸಿ. ಬಿರುಕು ಬಿಟ್ಟ ಟೈಲ್ ಬದಲಿಸಲೇಬೇಕು. ನನ್ನ ಹತ್ತಿರ ಅದೇ ಬಣ್ಣದ ಆರು ಟೈಲ್ ಉಳಿದಿವೆ, ಕೊಡುತ್ತೇನೆ. ಉಳಿದ ಟೈಲ್‌ಗಳ ತೂತುಗಳಿಗೆ ಬಿಳಿ ಸಿಮೆಂಟ್ ಮೆತ್ತುವುದು ಬೇಡ, ಇಪಾಕ್ಸಿ ಗ್ರೌಟ್ ತುಂಬಿಸಿ.

ಈ ಎರಡೂ ಪರೀಕ್ಷೆಗಳು ಫೆಬ್ರವರಿ 17ರ ಒಳಗೆ ಆಗಲಿ. ತಡವಾದಷ್ಟೂ ರೂಮಿನ ಗೋಡೆ ಇನ್ನಷ್ಟು ನೀರು ಕುಡಿಯುತ್ತದೆ. ಆ ಗೋಡೆ ಪೂರ್ತಿ ಒಣಗದೆ ಬಣ್ಣ ಹಚ್ಚುವಂತಿಲ್ಲ. ಹಚ್ಚಿದರೂ ಸಿಪ್ಪೆ ಎದ್ದು ಬರುತ್ತದೆ. ಉಬ್ಬಿದ ಪುಟ್ಟಿಯನ್ನು ಕೆರೆದು ಬಿಟ್ಟು ಒಣಗಲು ಎರಡು ಮೂರು ವಾರವಾದರೂ ಬೇಕಾಗಬಹುದು. ಕರಾರು ಮುಗಿಯಲು ಏಳು ವಾರ ಇದೆ ಅಂತ ಕಂಡರೂ ಲೆಕ್ಕ ಹಾಕಿದರೆ ಜಾಸ್ತಿ ಸಮಯ ಇಲ್ಲ.

ಹಾಲ್‌ನ ತೂತುಗಳು ಮತ್ತು ಅಡುಗೆಮನೆಯ ಇನ್ನೆರಡು ಸುಲಭದ ಕೆಲಸ. ಪ್ಲಾಸ್ಟಿಕ್ ಪ್ಲಗ್ ಒಳಗೇ ಬಿಟ್ಟು ಮೇಲೆ ಬಳಿಯಬೇಡಿ, ಎಳೆದು ತೆಗೆಸಿ. ಧೂಳು ಊದಿ, ಸ್ವಲ್ಪ ನೀರು ಚಿಮುಕಿಸಿ, ಪುಟ್ಟಿಯನ್ನು ಎರಡು ಸಲ ತುಂಬಿಸಿ. ಒಂದೇ ಸಲ ಗಿಡಿದರೆ ಒಣಗಿದ ಮೇಲೆ ಕುಳಿ ಬೀಳುತ್ತದೆ. ಆಮೇಲೆ ಎಮರಿ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಹಚ್ಚುವುದು. ತೂತಿನ ಮೇಲೆ ಮಾತ್ರ ಬ್ರಷ್ ಆಡಿಸಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಯಾವ ಗೋಡೆ ಮುಟ್ಟುತ್ತೀರೋ ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ಪೂರ್ತಿ ಹಚ್ಚಿಸಿ.

ನೀಲಿ ಗೋಡೆಯ ಮೇಲೆ ನೇರ ಬಿಳಿ ಹಚ್ಚಿದರೆ ಒಳಗಿನ ನೀಲಿ ಇಣುಕುತ್ತದೆ. ಮೊದಲು ಪ್ರೈಮರ್, ಆಮೇಲೆ ಎರಡು ಕೋಟ್, ಬೇಕಾದರೆ ಮೂರು. ಚಿಕ್ಕ ಕೋಣೆಗೆ ಕೆಲಸ ಜಾಸ್ತಿ. ಆಯಿಲ್ ಪೇಂಟ್ ಗಾಜಿನ ಹಾಗೆ ನುಣ್ಣಗಿದೆ, ನೀರಿನ ಬಣ್ಣ ಅದರ ಮೇಲೆ ಕೂರುವುದಿಲ್ಲ. ಹೊಳಪು ಹೋಗುವ ತನಕ ಉಜ್ಜಿಸಿ, ಒರೆಸಿ, ಪ್ರೈಮರ್ ಹಾಕಿಸಿಯೇ ಮುಂದುವರಿಯಬೇಕು. ಕಿಟಕಿ ಚೌಕಟ್ಟು ಮತ್ತು ಸ್ವಿಚ್ ಪ್ಲೇಟುಗಳ ಮೇಲೆ ಹಾರಿದ ಹನಿಗಳನ್ನೂ ತೆಗೆಸಿ. ಮಗಳಿಗೆ ಅಂತ ಆಸೆಯಿಂದ ಹಚ್ಚಿದ ಬಣ್ಣ ಅದು ಅಂತ ಮೇಘನಾ ಅವರು ಹೇಳಿದರು. ನನಗೆ ಅರ್ಥವಾಗುತ್ತದೆ. ಒಂದು ಮಾತು ಕೇಳಿದ್ದರೆ ಸುಲಭವಾಗಿ ಅಳಿಸಬಹುದಾದ ಬಣ್ಣ ಯಾವುದು ಅಂತ ನಾನೇ ಹೇಳುತ್ತಿದ್ದೆ.

ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಕ್ಯಾಲೆಂಡರಿನ ಮೊಳೆ, ಸೋಫಾ ತಾಗಿ ಮಾಸಿದ ಜಾಗ, ಬಾಗಿಲಿನ ಸಣ್ಣ ಗೀರು, ಬಿಸಿಲಿಗೆ ಮಂಕಾದ ಬಣ್ಣ, ಇವೆಲ್ಲ ಜನ ವಾಸ ಮಾಡಿದ ಮನೆಯಲ್ಲಿ ಆಗುವಂಥದ್ದೇ. ಅದಕ್ಕೆ ನಾನು ಏನೂ ಕೇಳುವುದಿಲ್ಲ. ರೂಮಿನ ಬಾಗಿಲ ಪಕ್ಕ ಬಟ್ಟೆ ನೇತುಹಾಕುವ ಕೊಕ್ಕೆ ಚೆನ್ನಾಗಿ ಕೂತಿದೆ, ಅದು ಹಾಗೇ ಇರಲಿ. ಅಲ್ಲಿಗೆ ಮುಚ್ಚಬೇಕಾದ್ದು 17 ಆಯಿತು.

ಕೆಲಸವನ್ನು ನಿಮ್ಮ ಪೇಂಟರ್ ಕೈಯಲ್ಲೇ ಮಾಡಿಸಬಹುದು. ಇಲ್ಲ, ಮನೆ ಬದಲಿಸುವ ಓಡಾಟದಲ್ಲಿ ಆಗುವುದಿಲ್ಲ ಅಂದರೆ ನಾನೇ ಮಾಡಿಸುತ್ತೇನೆ. ಹಾಗಾದರೆ ಕೆಲಸಕ್ಕೆ ಮೊದಲು ಅಂದಾಜು ಪಟ್ಟಿ ನಿಮಗೆ ತೋರಿಸುತ್ತೇನೆ, ಮುಗಿದ ಮೇಲೆ ಬಿಲ್‌ಗಳ ನಕಲು ಕೊಡುತ್ತೇನೆ. ಬಿಲ್ಲಿನಲ್ಲಿ ಇರುವಷ್ಟನ್ನು ಮಾತ್ರ ಅಡ್ವಾನ್ಸಿನಿಂದ ಹಿಡಿಯುತ್ತೇನೆ. ಉಳಿದದ್ದು ಕರಾರಿನ 14ನೇ ಅಂಶದಂತೆ, ಕೀ ಕೊಟ್ಟ 15 ದಿನದಲ್ಲಿ ನಿಮ್ಮ ಖಾತೆಗೆ ಬರುತ್ತದೆ. ಎರಡೂ ಆಗದೆ ಮಾರ್ಚ್ 31 ಬಂದುಬಿಟ್ಟರೆ, ಇದೇ ರೀತಿ ಬಿಲ್ ಸಮೇತ ಅಡ್ವಾನ್ಸಿನಿಂದ ಹಿಡಿಯುವುದು ಬಿಟ್ಟು ನನಗೆ ಬೇರೆ ದಾರಿ ಇರುವುದಿಲ್ಲ.

ಮಾರ್ಚ್ 22, ಭಾನುವಾರ ಬೆಳಿಗ್ಗೆ 10 ಗಂಟೆಗೆ ಬರುತ್ತೇನೆ. ಹಳೆಯ ಫೋಟೋಗಳನ್ನು ಇಟ್ಟುಕೊಂಡು ಒಟ್ಟಿಗೆ ನೋಡೋಣ. ಏನಾದರೂ ಉಳಿದಿದ್ದರೆ ಸರಿಮಾಡಲು ಇನ್ನೂ ಒಂಬತ್ತು ದಿನ ಸಿಗುತ್ತದೆ. ಎಲ್ಲ ಸರಿಯಿದ್ದರೆ ಅವತ್ತೇ ಬರೆದು ಸಹಿ ಹಾಕಿಕೊಡುತ್ತೇನೆ, ಆಮೇಲೆ ಗೋಡೆ ಬಗ್ಗೆ ಯಾವ ಮಾತೂ ಇಲ್ಲ.

ನಾನು ಎಣಿಸಿದ್ದರಲ್ಲಿ ತಪ್ಪಿದ್ದರೆ, ಯಾವುದಾದರೂ ತೂತು ನಿಮಗಿಂತ ಮೊದಲೇ ಇತ್ತು ಅಂತ ಅನಿಸಿದರೆ, ಫೋಟೋ ಸಮೇತ ತಿಳಿಸಿ. ಒಪ್ಪಿಕೊಳ್ಳುತ್ತೇನೆ. ನೀವೇ ಮಾಡಿಸುತ್ತೀರಾ, ನಾನು ಮಾಡಿಸಲಾ ಅನ್ನುವುದನ್ನು ಈ ಭಾನುವಾರ, ಫೆಬ್ರವರಿ 15ರ ಒಳಗೆ ಮೆಸೇಜಿನಲ್ಲಿ ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಇಷ್ಟು ದಿನ ಬಾಡಿಗೆ ಒಂದು ತಿಂಗಳೂ ತಡವಾಗಲಿಲ್ಲ. ಅಕ್ಕಪಕ್ಕದವರೂ ನಿಮ್ಮ ಬಗ್ಗೆ ಒಳ್ಳೆಯ ಮಾತೇ ಆಡುತ್ತಾರೆ. ಮುಂದಿನ ಮನೆಯವರು ನಿಮ್ಮ ಬಗ್ಗೆ ಕೇಳಿದರೆ ಅದನ್ನೇ ಹೇಳಬೇಕು ಅಂತ ನನ್ನ ಆಸೆ.

ಇಂತಿ,
ಸಾವಿತ್ರಿ
ಫ್ಲಾಟ್ 304ರ ಮಾಲೀಕರು

ಮರೆತಿದ್ದೆ: ಹಳೆಯ ಬಣ್ಣದ ಡಬ್ಬಿ ಅಡುಗೆಮನೆಯ ಅಟ್ಟದಲ್ಲಿ, ಎಡಗಡೆ ಇದೆ. ಮುಚ್ಚಳದ ಮೇಲೆ ಶೇಡ್ ನಂಬರ್ ಬರೆದಿದೆ, ಅಂಗಡಿಯಲ್ಲಿ ಅದನ್ನೇ ತೋರಿಸಿ. ಒಳಗಿನ ಬಣ್ಣ ಮಾತ್ರ ಬಳಸಬೇಡಿ, ಮೂರು ವರ್ಷ ಹಳೆಯದು.