ಹತ್ತು ಹಸುಗಳ ಹೈನುಗಾರಿಕೆ ಘಟಕಕ್ಕೆ ಸಾಲ ಕೋರಿ ಅರ್ಜಿ

ದಿನಾಂಕ: 12-11-2025

ಇವರಿಗೆ,
ಶಾಖಾ ವ್ಯವಸ್ಥಾಪಕರು,
ತೀರ್ಥಹಳ್ಳಿ ಶಾಖೆ

ಮಾನ್ಯರೇ,

ವಿಷಯ: ಹೈನುಗಾರಿಕೆಗೆ ರೂ. 9 ಲಕ್ಷ ಅವಧಿ ಸಾಲದ ಬಗ್ಗೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ರೈತ. ಮೂರು ಎಕರೆ ಜಮೀನಿದೆ. ಎಲೆಚುಕ್ಕೆ ರೋಗ ಬಂದ ಮೇಲೆ ಅಡಿಕೆಯೊಂದನ್ನೇ ನಂಬಿ ಕೂರುವಂತಿಲ್ಲ. ಈಗಿರುವ ಎರಡು ಜರ್ಸಿ ಮಿಶ್ರತಳಿ ಹಸುಗಳ ಹಾಲನ್ನು ಊರಿನ ಸಂಘಕ್ಕೆ ಹಾಕುತ್ತಿದ್ದೇನೆ.

ಹತ್ತು ಹಸುಗಳಿಗೆ 7 ಲಕ್ಷ, ಕೊಟ್ಟಿಗೆಗೆ 2.5 ಲಕ್ಷ, ಹಾಲು ಕರೆಯುವ ಯಂತ್ರ ಮತ್ತು ಮೇವು ಕತ್ತರಿಸುವ ಯಂತ್ರಕ್ಕೆ 90 ಸಾವಿರ, ವಿಮೆ ಹಾಗೂ ಮೊದಲ ಹಿಂಡಿ ಖರ್ಚಿಗೆ 60 ಸಾವಿರ, ಒಟ್ಟು 11 ಲಕ್ಷ ರೂಪಾಯಿ ಬೇಕು. 2 ಲಕ್ಷ ನಾನೇ ಹಾಕುತ್ತೇನೆ.

ಸಾಲವನ್ನು ಎರಡು ಕಂತಿನಲ್ಲಿ ಕೊಡಬೇಕೆಂದು ಕೋರುತ್ತೇನೆ. ಮೊದಲು ಐದು, ಆರು ತಿಂಗಳ ನಂತರ ಐದು ಹಸು ತಂದರೆ ಎಲ್ಲವೂ ಒಟ್ಟಿಗೆ ಬತ್ತುವುದಿಲ್ಲ, ಕಂತು ಕಟ್ಟಲು ವರ್ಷವಿಡೀ ಹಾಲಿರುತ್ತದೆ. ಏಳು ಹಸು ಕರೆಯುತ್ತಿದ್ದರೂ ದಿನಕ್ಕೆ 70 ಲೀಟರ್ ನಿರೀಕ್ಷೆ. ಖರ್ಚು ಕಳೆದು ತಿಂಗಳಿಗೆ ಸುಮಾರು 28 ಸಾವಿರ ಉಳಿಯಬಹುದು. ಅರ್ಧ ಎಕರೆಯಲ್ಲಿ ನೇಪಿಯರ್ ಹುಲ್ಲು ಈಗಾಗಲೇ ಬೆಳೆದಿದೆ. ಮಳೆಗಾಲದಲ್ಲಿ ಒಣಹುಲ್ಲು ಕೊಳೆಯದಂತೆ ಅಟ್ಟವೂ ಯೋಜನೆಯಲ್ಲಿದೆ.

ಆರು ತಿಂಗಳ ವಿನಾಯಿತಿಯೊಂದಿಗೆ ಐದು ವರ್ಷಗಳಲ್ಲಿ ತೀರಿಸುತ್ತೇನೆ. ಪಹಣಿ, ಆಧಾರ್, ಹಾಲಿನ ಪಾಸ್‌ಬುಕ್ ಪ್ರತಿ, ದರಪಟ್ಟಿ ಲಗತ್ತಿಸಿದೆ. ಸ್ಥಳ ಪರಿಶೀಲನೆಗೆ ಬೆಳಿಗ್ಗೆ ಬಂದರೆ ಹಾಲು ಕರೆಯುವುದನ್ನೂ ನೋಡಬಹುದು.

ತಮ್ಮ ವಿಶ್ವಾಸಿ,
ಮಂಜಪ್ಪ ಗೌಡ