ವಿಷಯ: ನಾಳಿನ ಸ್ಲ್ಯಾಬ್ ಪರಿಶೀಲನಾ ಸಭೆಯ ಮುಂದೂಡಿಕೆ ಮತ್ತು ಬದಲಿ ಸಮಯಗಳು

ಸ್ಟ್ರಕ್ಚರಲ್ ಇಂಜಿನಿಯರ್, ಗುತ್ತಿಗೆದಾರರು ಮತ್ತು ಮಾಲೀಕರ ಪ್ರತಿನಿಧಿ ಇವರಿಗೆ,

ಮಾನ್ಯರೇ,

ನಾಳೆ ಬುಧವಾರ ಬೆಳಿಗ್ಗೆ 10.30ಕ್ಕೆ ನಿಗದಿಯಾಗಿದ್ದ ಎರಡನೇ ಮಹಡಿಯ ಸ್ಲ್ಯಾಬ್ ಪರಿಶೀಲನಾ ಸಭೆಯನ್ನು ಮುಂದೂಡಬೇಕಾಗಿ ಬಂದಿದೆ. ಹಿಂದಿನ ದಿನ ಸಂಜೆ ಇದನ್ನು ತಿಳಿಸುತ್ತಿರುವುದಕ್ಕೆ ಕ್ಷಮೆ ಕೋರುತ್ತೇನೆ. ನೀವೆಲ್ಲರೂ ಬೇರೆ ಕೆಲಸಗಳನ್ನು ಹೊಂದಿಸಿಕೊಂಡು ಈ ಸಮಯವನ್ನು ಬಿಡುವು ಮಾಡಿಕೊಂಡಿದ್ದೀರಿ ಎಂಬುದು ನನಗೆ ಗೊತ್ತಿದೆ.

ಸಭೆಗೆ ಆಧಾರವಾಗಬೇಕಿದ್ದ 28ನೇ ದಿನದ ಕ್ಯೂಬ್ ಟೆಸ್ಟ್ ಫಲಿತಾಂಶ ಇನ್ನೂ ಕೈಸೇರಿಲ್ಲ. ಪ್ರಯೋಗಾಲಯದ ಒತ್ತಡ ಪರೀಕ್ಷಾ ಯಂತ್ರ ಇಂದು ಮಧ್ಯಾಹ್ನ ಕೆಟ್ಟುಹೋಗಿದ್ದು, ಮೊದಲ ಮಾದರಿಯ ಮೂರು ಕ್ಯೂಬುಗಳ ಪರೀಕ್ಷೆ ಮುಗಿದು ಉಳಿದವು ಬಾಕಿಯಾಗಿವೆ. ಬಾಕಿ ಕ್ಯೂಬುಗಳು ಕ್ಯೂರಿಂಗ್ ತೊಟ್ಟಿಯ ನೀರಿನಲ್ಲೇ ಇವೆ. ಅವುಗಳನ್ನು ನಾಳೆ ಮಧ್ಯಾಹ್ನ ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ ಸಂಜೆಯೊಳಗೆ ವರದಿ ಕಳುಹಿಸುವುದಾಗಿ ಪ್ರಯೋಗಾಲಯದವರು ತಿಳಿಸಿದ್ದಾರೆ. ಅವುಗಳ ವಯಸ್ಸು ಆಗ 29 ದಿನವಾಗಿರುವುದರಿಂದ, ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸುವಂತೆ ಕೇಳಿಕೊಂಡಿದ್ದೇನೆ.

ಮೊದಲ ಮಾದರಿಯ ಫಲಿತಾಂಶ ಒಂದನ್ನೇ ಇಟ್ಟುಕೊಂಡು ನಾಳೆ ಸೇರಬಹುದಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಂ 25 ದರ್ಜೆಯ ಕಾಂಕ್ರೀಟ್ 28ನೇ ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲವನ್ನು ತೋರಬೇಕು. ಏಳನೇ ದಿನಕ್ಕೆ ಅದರ ಸುಮಾರು ಮೂರನೇ ಎರಡರಷ್ಟು ಬರುವುದು ವಾಡಿಕೆ. ನಮ್ಮ ಏಳನೇ ದಿನದ ಸರಾಸರಿ 14ರಷ್ಟೇ ಇದ್ದುದರಿಂದಲೇ ಈ ಸಭೆಯನ್ನು ಕರೆದದ್ದು, ಮತ್ತು ಆ ಸಂದೇಹವಿದ್ದದ್ದು ಎರಡನೆಯ ಹಾಗೂ ಮೂರನೆಯ ಲಾರಿಯ ಕಾಂಕ್ರೀಟಿನ ಬಗ್ಗೆ. ಈಗ ಬಾಕಿ ಉಳಿದಿರುವುದೂ ಅವೇ ಮಾದರಿಗಳು. ಅವುಗಳ ಅಂಕಿ ಇಲ್ಲದೆ ಸೆಂಟ್ರಿಂಗ್ ಬಿಚ್ಚುವ ಅಥವಾ ಮೇಲಿನ ಮಹಡಿಯ ಭಾರ ಹೊರಿಸುವ ನಿರ್ಧಾರ ಕೈಗೊಂಡರೆ ಅದು ಊಹೆಯ ಮೇಲೆ ನಿಂತಂತಾಗುತ್ತದೆ, ಕೆಳಗೆ ಕೆಲಸ ಮಾಡುವವರ ಸುರಕ್ಷತೆಯ ಪ್ರಶ್ನೆಯಲ್ಲಿ ಊಹೆಗೆ ಜಾಗ ಕೊಡಲು ನಾನು ಒಪ್ಪಲಾರೆ.

ಬದಲಿಯಾಗಿ ಮೂರು ಸಮಯಗಳನ್ನು ಸೂಚಿಸುತ್ತಿದ್ದೇನೆ. ಗುರುವಾರ ಸಂಜೆ 4ರಿಂದ 5.30ರವರೆಗಿನ ಸಮಯ ಎಲ್ಲಕ್ಕಿಂತ ಅನುಕೂಲವೆಂದು ತೋರುತ್ತದೆ, ಏಕೆಂದರೆ ಬುಧವಾರ ರಾತ್ರಿ ವರದಿ ಬಂದರೂ ಅದನ್ನು ಓದಿ ಲೆಕ್ಕ ಹಾಕಲು ಇಂಜಿನಿಯರ್ ಅವರಿಗೆ ಸಾಕಷ್ಟು ಹೊತ್ತು ಸಿಗುತ್ತದೆ. ಅದಾಗದಿದ್ದರೆ ಗುರುವಾರ ಬೆಳಿಗ್ಗೆ 11.30ರಿಂದ 1ರವರೆಗೆ, ಇಲ್ಲವೇ ಶುಕ್ರವಾರ ಬೆಳಿಗ್ಗೆ 9.30ರಿಂದ 11ರವರೆಗೆ ಸೇರಬಹುದು. ಶುಕ್ರವಾರಕ್ಕಿಂತ ಮುಂದೆ ಹೋಗುವಂತಿಲ್ಲ. ಶನಿವಾರದ ರೆಡಿಮಿಕ್ಸ್ ಮತ್ತು ಪಂಪಿನ ಬುಕಿಂಗನ್ನು ಉಳಿಸಿಕೊಳ್ಳಬೇಕೋ ರದ್ದುಮಾಡಬೇಕೋ ಎಂಬುದನ್ನು ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕಾಗಿದೆ. ಮೂರರಲ್ಲಿ ನಿಮಗೆ ಒಗ್ಗುವ ಎಲ್ಲ ಸಮಯಗಳನ್ನೂ ನಾಳೆ ಮಧ್ಯಾಹ್ನ 12ರೊಳಗೆ ಇದೇ ಇಮೇಲ್‌ಗೆ ಉತ್ತರವಾಗಿ ತಿಳಿಸಿದರೆ, 2 ಗಂಟೆಗೆ ಅಂತಿಮ ಸಮಯವನ್ನು ಖಚಿತಪಡಿಸುತ್ತೇನೆ. ನಾಳಿನ ಕ್ಯಾಲೆಂಡರ್ ಆಹ್ವಾನವನ್ನು ಈಗಲೇ ರದ್ದುಮಾಡುತ್ತಿದ್ದೇನೆ. ಸ್ಥಳ ಬದಲಾಗುವುದಿಲ್ಲ, ನಿವೇಶನದ ಕಚೇರಿಯಲ್ಲೇ ಸೇರೋಣ.

ಮಾಲೀಕರ ಪ್ರತಿನಿಧಿಯವರು ಹೊರ ಊರಿನಿಂದ ಬರಬೇಕಾಗಿರುವುದರಿಂದ ಅವರಿಗೆ ಈಗಾಗಲೇ ಫೋನ್ ಮೂಲಕವೂ ತಿಳಿಸಿದ್ದೇನೆ. ಮತ್ತೊಮ್ಮೆ ಪ್ರಯಾಣ ಮಾಡುವುದು ಕಷ್ಟವಾದಲ್ಲಿ ಅವರು ವಿಡಿಯೊ ಕರೆಯಲ್ಲಿ ಭಾಗವಹಿಸಬಹುದು. ಟಿಕೆಟ್ ರದ್ದತಿಯಿಂದ ಆಗುವ ಖರ್ಚನ್ನು ಯೋಜನೆಯ ಲೆಕ್ಕದಿಂದ ಭರಿಸಲಾಗುವುದು.

ಗುತ್ತಿಗೆದಾರರಲ್ಲಿ ಒಂದು ಮುಖ್ಯ ವಿನಂತಿ. ಸಭೆ ಮುಗಿದು ಲಿಖಿತ ಒಪ್ಪಿಗೆ ಸಿಗುವವರೆಗೆ ಎರಡನೇ ಮಹಡಿಯ ಸ್ಲ್ಯಾಬಿನ ಕೆಳಗಿನ ಒಂದು ಸೆಂಟ್ರಿಂಗ್ ಕಂಬವನ್ನೂ ತೆಗೆಯಬಾರದು, ಸ್ಲ್ಯಾಬಿನ ಮೇಲೆ ಕಬ್ಬಿಣವನ್ನಾಗಲಿ ಇಟ್ಟಿಗೆಯನ್ನಾಗಲಿ ರಾಶಿ ಹಾಕಬಾರದು. ನಾಳೆ ಬರುವ ಕೆಲಸಗಾರರನ್ನು ನೆಲಮಹಡಿಯ ಗೋಡೆ ಕೆಲಸಕ್ಕೆ ಹಚ್ಚಿದರೆ ಅವರ ದಿನ ವ್ಯರ್ಥವಾಗುವುದಿಲ್ಲ.

ವರದಿ ಬಂದ ಕೂಡಲೇ ಎಲ್ಲರಿಗೂ ಕಳುಹಿಸುತ್ತೇನೆ. ಫಲಿತಾಂಶ ಕಡಿಮೆ ಬಂದಲ್ಲಿ ಸ್ಲ್ಯಾಬಿನಿಂದಲೇ ಕೋರ್ ತೆಗೆದು ಪರೀಕ್ಷಿಸಬೇಕಾಗಬಹುದು. ಯಾವ ಜಾಗಗಳಿಂದ ತೆಗೆಯುವುದು ಸೂಕ್ತ ಎಂಬುದನ್ನು ಇಂಜಿನಿಯರ್ ಅವರು ನಕ್ಷೆಯಲ್ಲಿ ಮೊದಲೇ ಗುರುತಿಸಿ ತಂದರೆ ಸಭೆಯಲ್ಲೇ ಅದನ್ನು ತೀರ್ಮಾನಿಸಬಹುದು.

ವಂದನೆಗಳೊಂದಿಗೆ,

ಯೋಜನಾ ವ್ಯವಸ್ಥಾಪಕಿ